ದೀರ್ಘ ವಿರಾಮದ ನಂತರ ಮತ್ತೆ ಉದ್ಯೋಗ: ಉಳಿದಿರುವ ವರ್ಷಗಳಲ್ಲಿ ನಿವೃತ್ತಿ ನಿಧಿಯನ್ನು ಕಟ್ಟಿಕೊಳ್ಳುವ ಕ್ರಮ

ಮಕ್ಕಳ ಪಾಲನೆ, ಹಿರಿಯರ ಆರೈಕೆ ಅಥವಾ ಅನಾರೋಗ್ಯದ ಕಾರಣದಿಂದ ಹತ್ತು ಹನ್ನೆರಡು ವರ್ಷ ಉದ್ಯೋಗದಿಂದ ದೂರವಿದ್ದು, ನಲವತ್ತು ದಾಟಿದ ಮೇಲೆ ಮತ್ತೆ ಕೆಲಸಕ್ಕೆ ಸೇರುತ್ತಿರುವವರು ಪದೇ ಪದೇ ಕೇಳುವ ಪ್ರಶ್ನೆ ಒಂದೇ: ನಿವೃತ್ತಿಗೆ ಹದಿನೈದು ವರ್ಷವಷ್ಟೇ ಉಳಿದಿದೆ, ಬೇಗ ಹಣ ಬೆಳೆಸಲು ಎಲ್ಲಿ ಹೂಡಬೇಕು? ಪ್ರಶ್ನೆ ಸಹಜವಾದದ್ದೇ, ಆದರೆ ಅದು ತಪ್ಪು ಜಾಗದಿಂದ ಹೊರಡುತ್ತದೆ. ಅವಧಿ ಚಿಕ್ಕದಿದ್ದಾಗ ನಿಧಿಯ ಬಹುಭಾಗ ಬರುವುದು ನೀವು ಹಾಕುವ ಹಣದಿಂದ. ಪ್ರತಿಫಲದ ಪಾತ್ರ ಅಲ್ಲಿ ಜನ ಎಣಿಸುವುದಕ್ಕಿಂತ ಬಹಳ ಸಣ್ಣದು. ಆದ್ದರಿಂದ ಈ ಲೇಖನದಲ್ಲಿ ಎಲ್ಲಿ ಹೂಡಬೇಕೆಂಬ ವಿಷಯ ಕೊನೆಯ ಭಾಗದಲ್ಲಿ ಬರುತ್ತದೆ. ಅದಕ್ಕೂ ಮೊದಲು ಮಾಡಬೇಕಾದ ಕೆಲಸಗಳಿವೆ, ಮತ್ತು ಅವುಗಳಿಂದಲೇ ಹೆಚ್ಚು ಹಣ ಉಳಿಯುತ್ತದೆ.

ಆರಂಭಿಸುವ ಮುನ್ನ ಕೆಲವು ಕಾಗದಪತ್ರಗಳನ್ನು ಒಂದೆಡೆ ಸೇರಿಸಿಕೊಳ್ಳಿ: ಹಿಂದಿನ ಉದ್ಯೋಗಗಳ ನೇಮಕಾತಿ ಪತ್ರ ಮತ್ತು ಬಿಡುಗಡೆ ಪತ್ರ, ಸಿಕ್ಕಷ್ಟು ಹಳೆಯ ಸಂಬಳ ಚೀಟಿಗಳು, ಭವಿಷ್ಯ ನಿಧಿ ಅಥವಾ ಪಿಂಚಣಿ ಖಾತೆಯ ಸಂಖ್ಯೆಗಳು, ಈಗಿರುವ ಸಾಲಗಳ ಪಟ್ಟಿ, ಮತ್ತು ಕಳೆದ ಒಂದು ವರ್ಷದಲ್ಲಿ ಮನೆಗೆ ನಿಜವಾಗಿ ಖರ್ಚಾದ ಮೊತ್ತ. ಈ ಕೊನೆಯದನ್ನು ಅಂದಾಜಿನಲ್ಲಿ ಬರೆಯಬೇಡಿ. ಬ್ಯಾಂಕ್ ಖಾತೆಯ ವಿವರಪಟ್ಟಿ ನೋಡಿ ಕೂಡಿಸಿ. ಮುಂದಿನ ಎಲ್ಲ ಲೆಕ್ಕವೂ ಆ ಸಂಖ್ಯೆಯ ಮೇಲೆ ನಿಂತಿದೆ.

ಹಂತ 1: ಹಳೆಯ ಹಣವನ್ನು ಹುಡುಕಿ ಒಂದೆಡೆ ತನ್ನಿ

ವಿರಾಮಕ್ಕೆ ಮುಂಚೆ ಎಂಟು ಹತ್ತು ವರ್ಷ ದುಡಿದವರ ಹೆಸರಿನಲ್ಲಿ ಎರಡು ಮೂರು ಸಂಸ್ಥೆಗಳ ನಿವೃತ್ತಿ ಖಾತೆಗಳು ಚದುರಿಹೋಗಿರುವುದು ಸಾಮಾನ್ಯ. ಹಣ ಹಾಕುವುದು ನಿಂತು ವರ್ಷಗಳಾದ ಮೇಲೆ ಕೆಲವು ಖಾತೆಗಳು ನಿಷ್ಕ್ರಿಯ ಪಟ್ಟಿಗೆ ಸೇರುತ್ತವೆ. ಹಣ ಇದ್ದರೂ ಅದು ಬೆಳೆಯುತ್ತಿದೆಯೋ ಇಲ್ಲವೋ ಎಂಬುದು ಆಯಾ ಯೋಜನೆಯ ನಿಯಮಕ್ಕೆ ಬಿಟ್ಟದ್ದು. ಪ್ರತಿ ಖಾತೆಯಲ್ಲಿ ಇಂದು ಎಷ್ಟಿದೆ, ಅದಕ್ಕೆ ಬಡ್ಡಿ ಬರುತ್ತಿದೆಯೇ, ಹೊಸ ಉದ್ಯೋಗದ ಖಾತೆಗೆ ಅದನ್ನು ವರ್ಗಾಯಿಸಬಹುದೇ ಎಂಬ ಮೂರು ವಿಷಯಗಳನ್ನು ಲಿಖಿತವಾಗಿ ಕೇಳಿ ಪಡೆಯಿರಿ.

ಇಲ್ಲಿ ಅತಿ ಹೆಚ್ಚು ತೊಡಕಾಗುವುದು ಹೆಸರು. ಹಳೆಯ ದಾಖಲೆಯಲ್ಲಿ ಇನಿಷಿಯಲ್ ಮುಂದಿದ್ದು ಹೊಸ ಗುರುತಿನ ಚೀಟಿಯಲ್ಲಿ ಹಿಂದಿರುವುದು, ಮದುವೆಯ ನಂತರ ಉಪನಾಮ ಬದಲಾಗಿರುವುದು, ಹುಟ್ಟಿದ ದಿನಾಂಕದಲ್ಲಿ ಒಂದಂಕಿ ತಪ್ಪಿರುವುದು, ಇಂಥ ಸಣ್ಣ ವ್ಯತ್ಯಾಸಕ್ಕೇ ವರ್ಗಾವಣೆಯ ಅರ್ಜಿ ತಿರಸ್ಕೃತವಾಗುತ್ತದೆ. ತಿದ್ದುಪಡಿಗೆ ಹಳೆಯ ಸಂಸ್ಥೆಯ ಸಹಿ ಬೇಕಾಗಬಹುದು. ಆ ಸಂಸ್ಥೆ ಮುಚ್ಚಿದ್ದರೆ ಅಥವಾ ಬೇರೊಂದರಲ್ಲಿ ವಿಲೀನವಾಗಿದ್ದರೆ ಕೆಲಸ ಮತ್ತಷ್ಟು ನಿಧಾನವಾಗುತ್ತದೆ. ಆದ್ದರಿಂದ ಇದನ್ನು ಕೆಲಸ ಹುಡುಕುತ್ತಿರುವಾಗಲೇ ಆರಂಭಿಸಿ. ಸೇರಿದ ಮೇಲೆ ಇದಕ್ಕೆ ಸಮಯ ಸಿಗುವುದು ಕಷ್ಟ.

ಎಚ್ಚರಿಕೆ: ಹಳೆಯ ಖಾತೆಯಲ್ಲಿರುವುದು ಸಣ್ಣ ಮೊತ್ತವೆಂದು ಅದನ್ನು ಹಿಂತೆಗೆದು ಮನೆಯ ಖರ್ಚಿಗೆ ಬಳಸಬೇಡಿ. ಹೀಗೆ ಹಿಂತೆಗೆದರೆ ತೆರಿಗೆ ಬೀಳಬಹುದು, ಜೊತೆಗೆ ಅನೇಕ ಯೋಜನೆಗಳಲ್ಲಿ ಆ ಹಣದೊಂದಿಗೆ ನಿಮ್ಮ ಸೇವಾವಧಿಯ ಎಣಿಕೆಯೂ ಅಳಿಸಿಹೋಗುತ್ತದೆ.

ಹಂತ 2: ಪಿಂಚಣಿಯ ದಾಖಲೆಯಲ್ಲಿ ನಿಮ್ಮ ವರ್ಷಗಳನ್ನು ಎಣಿಸಿ

ಸರ್ಕಾರದ ಅಥವಾ ಕಡ್ಡಾಯ ಪಿಂಚಣಿ ಯೋಜನೆಗಳು ಹಣವನ್ನಷ್ಟೇ ನೋಡುವುದಿಲ್ಲ, ವರ್ಷಗಳನ್ನೂ ಎಣಿಸುತ್ತವೆ. ಆದ್ದರಿಂದ ವಿರಾಮದಿಂದ ಮರಳಿದವರಿಗೆ ಇನ್ನೊಂದೆರಡು ವರ್ಷದ ದುಡಿಮೆಯ ಬೆಲೆ, ಎಂದೂ ವಿರಾಮ ಪಡೆಯದವರಿಗಿಂತ ಹೆಚ್ಚಾಗಿರಬಹುದು. ಭಾರತದ ನೌಕರರ ಪಿಂಚಣಿ ಯೋಜನೆಯಲ್ಲಿ ಮಾಸಿಕ ಪಿಂಚಣಿಗೆ ಕನಿಷ್ಠ 10 ವರ್ಷದ ಅರ್ಹ ಸೇವೆ ಬೇಕು. ಹಿಂದೆ 6 ವರ್ಷ ದುಡಿದು, ಪಿಂಚಣಿಯ ಹಣವನ್ನು ಹಿಂತೆಗೆಯದೆ ಸೇವೆಯನ್ನು ಉಳಿಸಿಕೊಳ್ಳುವ ಪ್ರಮಾಣಪತ್ರ ಪಡೆದಿದ್ದವರಿಗೆ ಇನ್ನು 4 ವರ್ಷ ಸಾಕು. ಹಣ ಹಿಂತೆಗೆದವರು ಮತ್ತೆ ಸೊನ್ನೆಯಿಂದ ಎಣಿಸಬೇಕು. ಅಮೆರಿಕದ ಸಾಮಾಜಿಕ ಭದ್ರತಾ ಪಿಂಚಣಿಯನ್ನು ಅತಿ ಹೆಚ್ಚು ಗಳಿಕೆಯ 35 ವರ್ಷಗಳ ಸರಾಸರಿಯಿಂದ ಲೆಕ್ಕ ಹಾಕುತ್ತಾರೆ. ದುಡಿಯದ ವರ್ಷಗಳು ಆ ಸರಾಸರಿಯಲ್ಲಿ ಸೊನ್ನೆಯಾಗಿ ಕೂರುತ್ತವೆ, ಹೊಸದಾಗಿ ದುಡಿದ ಪ್ರತಿ ವರ್ಷವೂ ಒಂದು ಸೊನ್ನೆಯನ್ನು ಅಳಿಸುತ್ತದೆ.

ಕೆಲವು ದೇಶಗಳಲ್ಲಿ ತಪ್ಪಿಹೋದ ವರ್ಷಗಳನ್ನು ತುಂಬಿಕೊಳ್ಳುವ ದಾರಿಯೂ ಇದೆ. ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ ಹಿಂದಿನ 6 ವರ್ಷಗಳವರೆಗಿನ ಖಾಲಿ ವರ್ಷಗಳಿಗೆ ಸ್ವಯಂಪ್ರೇರಿತವಾಗಿ ವಂತಿಗೆ ಕಟ್ಟಬಹುದು. ಚಿಕ್ಕ ಮಕ್ಕಳನ್ನು ನೋಡಿಕೊಂಡ ವರ್ಷಗಳಿಗೆ ಹಣ ಕಟ್ಟದೆಯೇ ಎಣಿಕೆ ಸಿಗುವ ವ್ಯವಸ್ಥೆಯೂ ಅಲ್ಲಿದೆ. ಜರ್ಮನಿಯಲ್ಲಿ 1992 ಮತ್ತು ಆನಂತರ ಹುಟ್ಟಿದ ಪ್ರತಿ ಮಗುವಿಗೆ 3 ವರ್ಷ ಪಿಂಚಣಿಯ ಲೆಕ್ಕಕ್ಕೆ ಸೇರುತ್ತದೆ. ನೀವು ಯಾವ ದೇಶದಲ್ಲಿ ದುಡಿದಿದ್ದರೂ ಅಲ್ಲಿನ ಪಿಂಚಣಿ ಕಚೇರಿಗೆ ಎರಡು ಪ್ರಶ್ನೆ ಕೇಳಿ: ನನ್ನ ದಾಖಲೆಯಲ್ಲಿ ಎಷ್ಟು ವರ್ಷ ಇದೆ? ಖಾಲಿ ವರ್ಷಗಳನ್ನು ತುಂಬಲು ದಾರಿಯಿದೆಯೇ, ಇದ್ದರೆ ಕೊನೆಯ ದಿನಾಂಕ ಯಾವುದು? ತುಂಬಿಕೊಳ್ಳುವ ಅವಕಾಶವಿದ್ದರೂ ಕೂಡಲೇ ಹಣ ಕಟ್ಟಬೇಡಿ. ನಿವೃತ್ತಿಯವರೆಗೆ ಇನ್ನು ದುಡಿಯುವ ವರ್ಷಗಳಿಂದಲೇ ಪೂರ್ಣ ಪಿಂಚಣಿಗೆ ಬೇಕಾದ ಎಣಿಕೆ ಮುಟ್ಟುವುದಾದರೆ, ಹಳೆಯ ವರ್ಷಕ್ಕೆ ಕಟ್ಟಿದ ಹಣ ವ್ಯರ್ಥವಾಗುತ್ತದೆ.

ಹಂತ 3: ಕೆಲಸ ಒಪ್ಪಿಕೊಳ್ಳುವ ಮುನ್ನ ಸಂಬಳದ ಹಿಂದಿರುವುದನ್ನು ಕೇಳಿ

ವಿರಾಮದಿಂದ ಮರಳುವವರು ಕೆಲಸ ಸಿಕ್ಕಿತಲ್ಲ ಎಂಬ ಸಮಾಧಾನದಲ್ಲಿ ನೇಮಕಾತಿ ಪತ್ರಕ್ಕೆ ಸಹಿ ಹಾಕಿಬಿಡುತ್ತಾರೆ. ಸಂಬಳದ ಬಗ್ಗೆ ಚೌಕಾಸಿ ಮಾಡಲು ಸಂಕೋಚವಾದರೂ, ನಿವೃತ್ತಿ ಸೌಲಭ್ಯದ ಬಗ್ಗೆ ಪ್ರಶ್ನೆ ಕೇಳಲು ಯಾವ ಸಂಕೋಚವೂ ಬೇಕಿಲ್ಲ. ಕೇಳಬೇಕಾದದ್ದು ಇಷ್ಟು: ಸಂಸ್ಥೆಯು ನಿವೃತ್ತಿ ಖಾತೆಗೆ ತನ್ನ ಪಾಲಿನ ವಂತಿಗೆ ಹಾಕುತ್ತದೆಯೇ? ಅದು ಪೂರ್ತಿ ಸಂಬಳದ ಮೇಲೋ, ಮೂಲ ವೇತನದ ಮೇಲೆ ಮಾತ್ರವೋ? ಮೊದಲ ದಿನದಿಂದ ಆರಂಭವಾಗುತ್ತದೆಯೋ, ಪ್ರೊಬೇಷನ್ ಮುಗಿದ ಮೇಲೋ? ನಾನು ಹೆಚ್ಚು ಹಾಕಿದರೆ ಸಂಸ್ಥೆಯೂ ಹೆಚ್ಚು ಹಾಕುತ್ತದೆಯೇ?

ಇದರೊಂದಿಗೆ ವೆಸ್ಟಿಂಗ್ ಬಗ್ಗೆಯೂ ವಿಚಾರಿಸಿ. ಸಂಸ್ಥೆ ನಿಮ್ಮ ಖಾತೆಗೆ ಹಾಕಿದ ಪಾಲು ಕಾನೂನಿನ ದೃಷ್ಟಿಯಲ್ಲಿ ಪೂರ್ತಿ ನಿಮ್ಮದಾಗಲು ಇಂತಿಷ್ಟು ವರ್ಷ ಅಲ್ಲೇ ಕೆಲಸದಲ್ಲಿರಬೇಕು ಎಂಬ ಷರತ್ತಿಗೆ ಈ ಹೆಸರು. ಮೂರು ವರ್ಷದ ಷರತ್ತಿರುವಲ್ಲಿ ಎರಡೂವರೆ ವರ್ಷಕ್ಕೆ ಕೆಲಸ ಬದಲಿಸಿದರೆ ಸಂಸ್ಥೆಯ ಪಾಲು ಕೈತಪ್ಪಬಹುದು. ಮರಳಿ ಬಂದವರು ಮೊದಲ ಕೆಲಸವನ್ನು ಮೆಟ್ಟಿಲಾಗಿ ಬಳಸಿಕೊಂಡು ಬೇಗ ಬದಲಿಸುವುದು ಸಾಮಾನ್ಯವಾದ್ದರಿಂದ ಈ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟುಕೊಳ್ಳಿ.

ಗುತ್ತಿಗೆ ಆಧಾರದ ಕೆಲಸವನ್ನೂ ಕಾಯಂ ಕೆಲಸವನ್ನೂ ಹೋಲಿಸುವಾಗ ಕೈಗೆ ಬರುವ ಮೊತ್ತವನ್ನಷ್ಟೇ ನೋಡುವುದು ಇಲ್ಲಿನ ದೊಡ್ಡ ಹಳ್ಳ. ಕಾಯಂ ಕೆಲಸದಲ್ಲಿ 100 ಸಂಬಳದ ಜೊತೆಗೆ ಸಂಸ್ಥೆಯ ವಂತಿಗೆ 10 ಇದ್ದು, ಗುತ್ತಿಗೆಯಲ್ಲಿ 110 ಬರುವುದಾದರೆ ಎರಡೂ ಸಮ ಎಂದು ತೋರುತ್ತದೆ. ಆದರೆ ಗುತ್ತಿಗೆಯಲ್ಲಿ ಸಂಬಳ ಸಹಿತ ರಜೆ ಮತ್ತು ಆರೋಗ್ಯ ವಿಮೆಯ ಖರ್ಚು ನಿಮ್ಮ ತಲೆಯ ಮೇಲೆ ಬೀಳಬಹುದು. ಆ ಹತ್ತನ್ನು ತಿಂಗಳು ತಿಂಗಳೂ ತಪ್ಪದೆ ಎತ್ತಿಡುವ ಶಿಸ್ತಿನ ಹೊಣೆಯೂ ನಿಮ್ಮದೇ ಆಗುತ್ತದೆ. ವಿರಾಮ ಪಡೆದವರಿಗೆಂದೇ ಇರುವ ರಿಟರ್ನ್‌ಶಿಪ್, ಅಂದರೆ ಕೆಲವು ತಿಂಗಳ ತರಬೇತಿ ಸಹಿತ ತಾತ್ಕಾಲಿಕ ನೇಮಕಾತಿ, ಮರಳಲು ಒಳ್ಳೆಯ ಬಾಗಿಲು. ಆ ತಿಂಗಳುಗಳು ನಿವೃತ್ತಿ ಯೋಜನೆಗೆ ಸೇರುತ್ತವೆಯೇ ಎಂದು ಮಾತ್ರ ಮೊದಲೇ ಕೇಳಿ.

ಹಂತ 4: ಮೊದಲ ಸಂಬಳದಿಂದ ಹಣ ಹೋಗಬೇಕಾದ ಸರದಿ

ಮೊದಲು, ಸಂಸ್ಥೆಯ ಪೂರ್ತಿ ವಂತಿಗೆ ಸಿಗಲು ನೀವು ಎಷ್ಟು ಹಾಕಬೇಕೋ ಅಷ್ಟನ್ನು ಹಾಕಿ. ನೀವು ಹಾಕಿದಷ್ಟೇ ಸಂಸ್ಥೆಯೂ ಹಾಕುವ ಕಡೆ ಆ ಹಣ ಬಂದ ದಿನವೇ ಇಮ್ಮಡಿಯಾಗುತ್ತದೆ, ಬೇರೆ ಯಾವ ಹೂಡಿಕೆಯೂ ಇದಕ್ಕೆ ಸಮನಲ್ಲ. ಎರಡನೆಯದಾಗಿ ಕ್ರೆಡಿಟ್ ಕಾರ್ಡ್ ಬಾಕಿ ಮತ್ತು ವೈಯಕ್ತಿಕ ಸಾಲದಂಥ ಹೆಚ್ಚು ಬಡ್ಡಿಯ ಸಾಲಗಳನ್ನು ತೀರಿಸಿ. ಮೂರನೆಯದಾಗಿ ಮೂರರಿಂದ ಆರು ತಿಂಗಳ ಮನೆಖರ್ಚಿನಷ್ಟು ತುರ್ತು ನಿಧಿಯನ್ನು ಬೇಕೆಂದಾಗ ಸಿಗುವಂತೆ ಇಡಿ. ತುರ್ತು ನಿಧಿ ಇಲ್ಲದವರು ಮನೆಯಲ್ಲಿ ಏನೇ ಆದರೂ ಮೊದಲು ಕೈಹಾಕುವುದು ನಿವೃತ್ತಿ ಖಾತೆಗೇ. ಇವು ಮೂರೂ ಆದ ಮೇಲೆ ಉಳಿದದ್ದೆಲ್ಲ ನಿವೃತ್ತಿ ನಿಧಿಗೆ. ಕಡಿಮೆ ಬಡ್ಡಿಯ ಗೃಹಸಾಲವನ್ನು ಈ ಘಟ್ಟದಲ್ಲಿ ಅವಸರದಿಂದ ತೀರಿಸಬೇಕಾಗಿಲ್ಲ, ನಿವೃತ್ತಿಯ ದಿನಕ್ಕೆ ಅದು ಮುಗಿದಿದ್ದರೆ ಸಾಕು.

ಹಂತ 5: ಎಷ್ಟು ಬೇಕು, ಎಷ್ಟಾಗುತ್ತದೆ ಎಂಬ ಲೆಕ್ಕ

ಈ ಹಂತವನ್ನು ಒಂದು ಉದಾಹರಣೆಯ ಮೂಲಕ ಪೂರ್ತಿಯಾಗಿ ನೋಡೋಣ. ಒಬ್ಬ ಮಹಿಳೆಗೆ 45 ವರ್ಷ. ಒಂಬತ್ತು ವರ್ಷ ದುಡಿದು, ಹನ್ನೆರಡು ವರ್ಷ ವಿರಾಮದಲ್ಲಿದ್ದು, ಈಗ ಮತ್ತೆ ಸೇರಿದ್ದಾರೆ. ತೆರಿಗೆ ಕಳೆದು ವರ್ಷಕ್ಕೆ ಕೈಗೆ ಬರುವ ಅವರ ಸಂಬಳವನ್ನು 100 ಪಾಲು ಎಂದಿಟ್ಟುಕೊಳ್ಳಿ, ಯಾವ ನಾಣ್ಯದಲ್ಲಾದರೂ ಲೆಕ್ಕ ಒಂದೇ. ಹಳೆಯ ಖಾತೆಗಳನ್ನೆಲ್ಲ ಸೇರಿಸಿದಾಗ 60 ಪಾಲು ಸಿಕ್ಕಿದೆ. ಸಂಬಳದಲ್ಲಿ 20 ಪಾಲು ಉಳಿಸುತ್ತಾರೆ, ಸಂಸ್ಥೆ 10 ಪಾಲು ಸೇರಿಸುತ್ತದೆ, ಒಟ್ಟು ವರ್ಷಕ್ಕೆ 30.

ಎಲ್ಲ ಮೊತ್ತವನ್ನೂ ಇಂದಿನ ಕೊಳ್ಳುವ ಶಕ್ತಿಯಲ್ಲೇ ಇಟ್ಟುಕೊಳ್ಳುವುದು ಇಲ್ಲಿನ ಮುಖ್ಯ ಉಪಾಯ. ಹೂಡಿಕೆಯ ಪ್ರತಿಫಲದಿಂದ ಹಣದುಬ್ಬರವನ್ನು ಕಳೆದು ಉಳಿಯುವುದನ್ನು ನೈಜ ಪ್ರತಿಫಲ ಎನ್ನುತ್ತಾರೆ. ಅದನ್ನು ವರ್ಷಕ್ಕೆ ಶೇಕಡಾ 3 ಎಂದೂ, ಸಂಬಳ ಹಣದುಬ್ಬರದಷ್ಟೇ ಏರುತ್ತದೆ ಎಂದೂ ಭಾವಿಸಿದ್ದೇವೆ. ಹೀಗೆ ಮಾಡಿದರೆ ಇಪ್ಪತ್ತು ವರ್ಷದ ನಂತರದ ಬೃಹತ್ ಸಂಖ್ಯೆಗಳ ಭ್ರಮೆಗೆ ಒಳಗಾಗುವುದಿಲ್ಲ.

ನಿವೃತ್ತಿಯಲ್ಲಿ ಇವರ ಪಾಲಿನ ಖರ್ಚು ವರ್ಷಕ್ಕೆ 50. ಪಿಂಚಣಿಯಿಂದ 15 ಬರುವುದಾದರೆ ನಿಧಿಯಿಂದ ಬರಬೇಕಾದದ್ದು 35. ಅಮೆರಿಕದ ಹಣಕಾಸು ಸಲಹೆಗಾರ ವಿಲಿಯಂ ಬೆಂಗೆನ್ 1994ರಲ್ಲಿ ಅಲ್ಲಿನ ಷೇರು ಮತ್ತು ಸಾಲಪತ್ರಗಳ ಹಿಂದಿನ ದಾಖಲೆಗಳನ್ನು ನೋಡಿ ಒಂದು ಅಳತೆ ಕೊಟ್ಟರು: ಮೊದಲ ವರ್ಷ ನಿಧಿಯ ಶೇಕಡಾ 4ರಷ್ಟನ್ನು ತೆಗೆದು, ಆಮೇಲೆ ಹಣದುಬ್ಬರದಷ್ಟೇ ಹೆಚ್ಚಿಸುತ್ತ ಹೋದರೆ ನಿಧಿ 30 ವರ್ಷ ಬಾಳುತ್ತದೆ. ಅಂದರೆ ವಾರ್ಷಿಕ ಕೊರತೆಯ 25 ಪಟ್ಟು ಬೇಕು. ಇದು ಒಂದು ದೇಶದ ಇತಿಹಾಸದಿಂದ ಬಂದ ಅಳತೆಯಾದ್ದರಿಂದ ಖಾತರಿ ಎಂದು ತಿಳಿಯಬಾರದು, ಆದರೆ ಗುರಿ ಹಾಕಿಕೊಳ್ಳಲು ಸಾಕು. 35ರ 25 ಪಟ್ಟು 875 ಪಾಲು. ಇದು ಗುರಿ.

ಈಗ ಎಷ್ಟಾಗುತ್ತದೆ ಎಂದು ನೋಡಲು ಯಾವುದೇ ಸ್ಪ್ರೆಡ್‌ಶೀಟ್ ತೆರೆದು ಒಂದು ಸಾಲು ಬರೆದರೆ ಸಾಕು. ಆವರಣದಲ್ಲಿ ಕ್ರಮವಾಗಿ ನೈಜ ಪ್ರತಿಫಲ, ವರ್ಷಗಳು, ವಾರ್ಷಿಕ ಉಳಿತಾಯ, ಈಗಾಗಲೇ ಇರುವ ಹಣ ಬರುತ್ತವೆ. ಕೊನೆಯ ಎರಡರ ಮುಂದೆ ಋಣ ಚಿಹ್ನೆ ಇರಬೇಕು.

```
=FV(0.03,15,-30,-60)
```

ಉತ್ತರ 651. ಗುರಿಯ ಮುಕ್ಕಾಲು ಭಾಗ ಮಾತ್ರ. ಆದರೆ ಈ 651 ಎಲ್ಲಿಂದ ಬಂತು ಎಂದು ಬಿಡಿಸಿ ನೋಡಿ. ಹದಿನೈದು ವರ್ಷ ಹಾಕಿದ 450, ಹಳೆಯ 60, ಎರಡೂ ಸೇರಿ 510. ಉಳಿದ 141 ಮಾತ್ರ ಬೆಳವಣಿಗೆಯಿಂದ ಬಂದದ್ದು, ಅಂದರೆ ಸುಮಾರು ಐದರಲ್ಲಿ ಒಂದು ಪಾಲು. ಚಕ್ರಬಡ್ಡಿಯ ಮಹಿಮೆ ಇಪ್ಪತ್ತೈದರ ವಯಸ್ಸಿನಲ್ಲಿ ಆರಂಭಿಸಿದವರಿಗೆ ಸಲ್ಲುವ ಮಾತು. ನಲವತ್ತೈದರಲ್ಲಿ ಆರಂಭಿಸಿದವರಿಗೆ ಅದು ಸಹಾಯಕ ಮಾತ್ರ.

ಕೊರತೆಯನ್ನು ತುಂಬಲು ಮೂರು ದಾರಿಗಳಿವೆ, ಒಂದೊಂದನ್ನೇ ಬದಲಿಸಿ ನೋಡೋಣ. ನೈಜ ಪ್ರತಿಫಲವನ್ನು ಶೇಕಡಾ 3ರಿಂದ 5ಕ್ಕೆ ಏರಿಸಿದರೆ 772 ಆಗುತ್ತದೆ. ಇದು ಸಣ್ಣ ಏರಿಕೆಯಲ್ಲ, ಇದಕ್ಕಾಗಿ ಸಾಕಷ್ಟು ಹೆಚ್ಚಿನ ಅಪಾಯ ಹೊರಬೇಕಾಗುತ್ತದೆ, ಆದರೂ ಗುರಿ ಮುಟ್ಟುವುದಿಲ್ಲ. ಪ್ರತಿಫಲವನ್ನು ಹಾಗೇ ಬಿಟ್ಟು, ಸ್ವಂತ ಉಳಿತಾಯವನ್ನು 20ರಿಂದ 30ಕ್ಕೆ ಏರಿಸಿ ವರ್ಷಕ್ಕೆ ಒಟ್ಟು 40 ಮಾಡಿದರೆ 837 ಆಗುತ್ತದೆ. ಉಳಿತಾಯವನ್ನು 30ರಲ್ಲೇ ಬಿಟ್ಟು, 60ರ ಬದಲು 65ರವರೆಗೆ ದುಡಿದರೆ 914 ಆಗಿ ಗುರಿ ದಾಟುತ್ತದೆ. ಅಪಾಯ ಹೆಚ್ಚಿಸುವ ದಾರಿ ಮೂರರಲ್ಲಿ ಅತ್ಯಂತ ದುರ್ಬಲ. ಮೇಲಾಗಿ ಮೂರರಲ್ಲಿ ನಿಮ್ಮ ಹತೋಟಿಯಲ್ಲಿಲ್ಲದ ದಾರಿಯೂ ಅದೊಂದೇ.

ಐದು ವರ್ಷ ಹೆಚ್ಚು ದುಡಿಯುವುದು ಎಲ್ಲರಿಗೂ ಸಾಧ್ಯವಿಲ್ಲ, ಸಂಬಳದ ಮೂರರಲ್ಲೊಂದನ್ನು ಕೊನೆಯವರೆಗೂ ಉಳಿಸುವುದೂ ಕಷ್ಟ. ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಬಹುದು. ಉಳಿತಾಯವನ್ನು 5 ಪಾಲು ಮಾತ್ರ ಏರಿಸಿ ವರ್ಷಕ್ಕೆ ಒಟ್ಟು 35 ಮಾಡಿ, 62ರವರೆಗೆ ದುಡಿದರೆ 861 ಆಗುತ್ತದೆ. ಗುರಿಗೆ 14 ಪಾಲು ಕಡಿಮೆ, ಅಂದರೆ ಅರ್ಧ ವರ್ಷದ ಉಳಿತಾಯಕ್ಕಿಂತಲೂ ಕಡಿಮೆ. ಎರಡು ವರ್ಷ ತಡವಾಗಿ ನಿವೃತ್ತರಾದರೆ ನಿಧಿ ಬಾಳಬೇಕಾದ ವರ್ಷಗಳೂ ಎರಡು ಕಡಿಮೆಯಾಗುತ್ತವೆ, ಅನೇಕ ಯೋಜನೆಗಳಲ್ಲಿ ಪಿಂಚಣಿಯೂ ಹೆಚ್ಚುತ್ತದೆ. ಇವನ್ನು ನಾವು ಲೆಕ್ಕಕ್ಕೆ ಹಿಡಿದಿಲ್ಲ.

ನಿಮ್ಮ ಸಂಖ್ಯೆಗಳನ್ನು ಹಾಕುವಾಗ ಎರಡು ತಪ್ಪುಗಳಾಗುತ್ತವೆ. ಬ್ಯಾಂಕಿನವರು ಹೇಳುವ ಬಡ್ಡಿಯ ದರವನ್ನು ಹಣದುಬ್ಬರ ಕಳೆಯದೆ ಹಾಗೆಯೇ ಹಾಕುವುದು ಮೊದಲನೆಯದು. ಆಗ ಉತ್ತರ ಕಣ್ಣಿಗೆ ತಂಪಾಗಿ ಕಾಣುತ್ತದೆ, ಆದರೆ ಅದು ಇಂದಿನ ಹಣವಲ್ಲ. ನಿವೃತ್ತಿಯ ಖರ್ಚನ್ನು ಇಂದಿನ ಖರ್ಚಿನ ಅರ್ಧ ಎಂದು ಕಣ್ಣು ಮುಚ್ಚಿ ಹಿಡಿಯುವುದು ಎರಡನೆಯದು. ಮಕ್ಕಳ ಶಿಕ್ಷಣ ಮತ್ತು ಸಾಲದ ಕಂತು ಹೋಗುತ್ತವೆ ನಿಜ, ಚಿಕಿತ್ಸೆಯ ಖರ್ಚು ಮಾತ್ರ ಬೆಳೆಯುತ್ತದೆ. ಪಟ್ಟಿ ಮಾಡಿ, ಒಂದೊಂದು ಬಾಬ್ತನ್ನೂ ಹೊಡೆದು ಹಾಕುವುದೋ ಉಳಿಸುವುದೋ ನಿರ್ಧರಿಸಿ.

ಹಂತ 6: ಮೊದಲ ಮೂರು ವರ್ಷಗಳನ್ನು ಬಳಸಿಕೊಳ್ಳಿ

ವಿರಾಮದಿಂದ ಮರಳುವವರಿಗೆ, ಇತರರಿಗಿಲ್ಲದ ಒಂದು ಅನುಕೂಲ ಇದೆ. ಸಂಗಾತಿಯ ದುಡಿಮೆಯಿಂದ ನಡೆಯುತ್ತಿದ್ದ ಮನೆಯಾದರೆ, ಅದು ನಿಮ್ಮ ಸಂಬಳವಿಲ್ಲದೆಯೇ ಇಷ್ಟು ವರ್ಷ ನಡೆದಿದೆ. ಹೊಸ ಸಂಬಳ ಬಂದ ಮೊದಲ ತಿಂಗಳು ಅದಕ್ಕಿನ್ನೂ ಖರ್ಚು ಹುಟ್ಟಿರುವುದಿಲ್ಲ. ವರ್ಷ ಕಳೆಯುವಷ್ಟರಲ್ಲಿ ಹುಟ್ಟಿರುತ್ತದೆ. ಈ ಎರಡರ ನಡುವೆ ಸಿಗುವ ಸಮಯ ಬಹಳ ಬೆಲೆಯುಳ್ಳದ್ದು. ಒಂಟಿಯಾಗಿ ಮನೆ ನಡೆಸುತ್ತ, ಕೂಡಿಟ್ಟ ಹಣ ಕರಗಿಸಿಕೊಂಡು ಮರಳಿದವರಿಗೆ ಈ ಹಂತ ಅನ್ವಯಿಸದು. ಅವರು ಮೇಲಿನ 35ರ ಲೆಕ್ಕವನ್ನೇ ಹಿಡಿಯಲಿ.

ಮೊದಲು ಕೆಲಸಕ್ಕೆ ಹೋಗುವುದರಿಂದಲೇ ಹುಟ್ಟುವ ಖರ್ಚನ್ನು ಕಳೆಯಿರಿ: ಪ್ರಯಾಣ, ಮಕ್ಕಳನ್ನೋ ಹಿರಿಯರನ್ನೋ ನೋಡಿಕೊಳ್ಳುವವರ ಸಂಬಳ, ಉಡುಪು, ಮನೆಗೆಲಸದ ನೆರವು. ನಮ್ಮ ಉದಾಹರಣೆಯಲ್ಲಿ ಇದು 25 ಪಾಲು ಎನ್ನೋಣ. ಉಳಿದ 75ರಲ್ಲಿ ಮೊದಲ ಮೂರು ವರ್ಷ 25ರ ಬದಲು 45 ಪಾಲು ಉಳಿಸಿದರೆ, ಸಂಸ್ಥೆಯ 10 ಸೇರಿ ವರ್ಷಕ್ಕೆ 55. ನಾಲ್ಕನೇ ವರ್ಷದಿಂದ ಮತ್ತೆ 35ಕ್ಕೆ ಇಳಿದರೂ, 61ರ ವಯಸ್ಸಿಗೇ ನಿಧಿ ಸುಮಾರು 892 ಪಾಲಾಗಿ ಗುರಿ ದಾಟುತ್ತದೆ. 62ರಲ್ಲೂ ಸ್ವಲ್ಪ ಕಡಿಮೆ ಬೀಳುತ್ತಿದ್ದ ಲೆಕ್ಕ ಒಂದು ವರ್ಷ ಮೊದಲೇ ಮುಗಿಯುತ್ತದೆ.

ಇದನ್ನು ನಡೆಸುವ ರೀತಿಯೂ ಮುಖ್ಯ. ಸಂಬಳ ಖಾತೆಗೆ ಬಿದ್ದ ಮರುದಿನವೇ ಹಣ ತಾನಾಗಿ ನಿವೃತ್ತಿ ಖಾತೆಗೆ ಹೋಗುವಂತೆ ಬ್ಯಾಂಕಿಗೆ ಸ್ಥಾಯಿ ಸೂಚನೆ ಕೊಡಿ, ಸಾಧ್ಯವಿದ್ದರೆ ಸಂಬಳದಿಂದಲೇ ಕಡಿತವಾಗುವಂತೆ ಮಾಡಿ. ತಿಂಗಳ ಕೊನೆಗೆ ಉಳಿದದ್ದನ್ನು ಹಾಕುತ್ತೇನೆ ಎಂಬ ವ್ಯವಸ್ಥೆ ನನ್ನ ಅನುಭವದಲ್ಲಿ ನಾಲ್ಕು ತಿಂಗಳಿಗಿಂತ ಹೆಚ್ಚು ನಡೆದದ್ದಿಲ್ಲ. ಸಂಬಳ ಹಣದುಬ್ಬರಕ್ಕಿಂತ ಹೆಚ್ಚು ಏರಿದ ವರ್ಷ, ಆ ಹೆಚ್ಚಳದ ಅರ್ಧವನ್ನು ಕಡಿತಕ್ಕೆ ಸೇರಿಸಿ. ಕೆಲವು ದೇಶಗಳ ತೆರಿಗೆ ನಿಯಮಗಳು ತಡವಾಗಿ ಆರಂಭಿಸಿದವರಿಗೆ ಹೆಚ್ಚುವರಿ ಅವಕಾಶ ಕೊಡುತ್ತವೆ. ಅಮೆರಿಕದಲ್ಲಿ 50 ತುಂಬಿದವರು ನಿವೃತ್ತಿ ಖಾತೆಗಳಿಗೆ ಸಾಮಾನ್ಯ ಮಿತಿಗಿಂತ ಹೆಚ್ಚು ಹಾಕಬಹುದು. ನಿಮ್ಮಲ್ಲಿ ವಾರ್ಷಿಕ ಮಿತಿ ಎಷ್ಟು, ಬಳಸದೆ ಉಳಿದ ಮಿತಿ ಮುಂದಿನ ವರ್ಷಕ್ಕೆ ಸಾಗುತ್ತದೆಯೇ ಎಂದು ತೆರಿಗೆ ಸಲಹೆಗಾರರಲ್ಲಿ ವಿಚಾರಿಸಿ.

ಮನೆಯವರೊಂದಿಗೆ ಈ ಮಾತು ಮೊದಲೇ ಆಗಿರಲಿ. ಹೊಸ ಸಂಬಳವನ್ನು ನೆಚ್ಚಿಕೊಂಡು ದೊಡ್ಡ ಮನೆ, ಹೊಸ ಕಾರು ಅಥವಾ ಮಗುವಿನ ದುಬಾರಿ ಕೋರ್ಸಿಗೆ ಒಪ್ಪಿಕೊಂಡರೆ ಆ ಕಂತು ಹತ್ತು ವರ್ಷ ನಿಮ್ಮ ಜೊತೆಗೇ ಇರುತ್ತದೆ. ಶಿಕ್ಷಣಕ್ಕೆ ಸಾಲ ಸಿಗುತ್ತದೆ, ನಿವೃತ್ತಿ ಜೀವನಕ್ಕೆ ಯಾರೂ ಸಾಲ ಕೊಡುವುದಿಲ್ಲ.

ಹಂತ 7: ಹಣವನ್ನು ಎಲ್ಲಿಡಬೇಕು

ಈ ಪ್ರಶ್ನೆಗೆ ಈಗ ಬರಬಹುದು. ಬೇಗ ಬೆಳೆಯಬೇಕೆಂಬ ಅವಸರದಲ್ಲಿರುವವರನ್ನು ಹುಡುಕಿಕೊಂಡು ಬರುವ ಯೋಜನೆಗಳನ್ನು ಗುರುತಿಸುವುದು ಸುಲಭ: ಖಚಿತವಾಗಿ ಹೆಚ್ಚಿನ ಪ್ರತಿಫಲ ಎನ್ನುತ್ತವೆ, ಇಂದೇ ಸೇರಿ ಎನ್ನುತ್ತವೆ, ಹಣ ಎಲ್ಲಿ ಹೂಡಿಕೆಯಾಗುತ್ತದೆ ಎಂದು ಎರಡು ವಾಕ್ಯದಲ್ಲಿ ಹೇಳುವುದಿಲ್ಲ. ಸಾಲ ಮಾಡಿ ಷೇರು ಕೊಳ್ಳುವುದು, ಇಡೀ ಹಳೆಯ ನಿಧಿಯನ್ನು ಒಂದು ನಿವೇಶನಕ್ಕೋ ಒಂದು ವ್ಯಾಪಾರಕ್ಕೋ ಹಾಕುವುದು ಇದೇ ಜಾತಿಗೆ ಸೇರಿದವು. ವಿಮೆಯನ್ನೂ ಉಳಿತಾಯವನ್ನೂ ಬೆಸೆದ ಪಾಲಿಸಿಗಳ ಬಗ್ಗೆಯೂ ಎಚ್ಚರವಿರಲಿ. ಮಧ್ಯದಲ್ಲಿ ನಿಲ್ಲಿಸಿದರೆ ನಷ್ಟವಾಗುವ ಪಾಲಿಸಿ, ಇನ್ನೊಮ್ಮೆ ವಿರಾಮ ಬರಬಹುದಾದವರಿಗೆ ಹೇಳಿಮಾಡಿಸಿದ್ದಲ್ಲ.

ಹಲವು ಕಂಪನಿಗಳ ಷೇರುಗಳನ್ನು ಸೂಚ್ಯಂಕದ ಪ್ರಕಾರ ಹಿಡಿದಿಡುವ ಇಂಡೆಕ್ಸ್ ಫಂಡ್ ಮತ್ತು ಸರ್ಕಾರಿ ಸಾಲಪತ್ರಗಳಂಥ ಸ್ಥಿರ ಆದಾಯದ ಯೋಜನೆ, ಈ ಎರಡರ ಮಿಶ್ರಣ ಹೆಚ್ಚಿನವರಿಗೆ ಸಾಕು. ಆಯ್ಕೆ ಮಾಡುವಾಗ ಹಿಂದಿನ ಪ್ರತಿಫಲಕ್ಕಿಂತ ವಾರ್ಷಿಕ ವೆಚ್ಚದ ಪ್ರಮಾಣ ನೋಡಿ, ಅಂದರೆ ಫಂಡ್ ನಡೆಸಲು ನಿಮ್ಮ ಹಣದಿಂದ ಪ್ರತಿವರ್ಷ ಕಡಿತವಾಗುವ ಶೇಕಡಾವಾರು ಮೊತ್ತ. ನಮ್ಮ ಮೊದಲ ಲೆಕ್ಕದಲ್ಲಿ ಶೇಕಡಾ 1 ಹೆಚ್ಚು ವೆಚ್ಚವಾಗಿ ನೈಜ ಪ್ರತಿಫಲ 2ಕ್ಕೆ ಇಳಿದರೆ 651ರ ಬದಲು 600 ಉಳಿಯುತ್ತದೆ. ಒಟ್ಟು ಬೆಳವಣಿಗೆಯೇ 141 ಆಗಿದ್ದಲ್ಲಿ 51 ಹೋದರೆ, ಲಾಭದ ಮೂರರಲ್ಲೊಂದಕ್ಕಿಂತ ಹೆಚ್ಚು ಹೋದಂತೆ.

ಷೇರಿನ ಪಾಲು ಯಾವಾಗ ಎಷ್ಟಿರಬೇಕೆಂಬುದನ್ನು ನಿಧಿಯ ಗಾತ್ರದಿಂದ ಅಳೆಯಿರಿ. ಎಲ್ಲವೂ ಷೇರಿನಲ್ಲೇ ಇದ್ದು ಮಾರುಕಟ್ಟೆ ಶೇಕಡಾ 30 ಬಿದ್ದಿತು ಎನ್ನೋಣ. ಮೊದಲ ವರ್ಷದ ಕೊನೆಗೆ ನಿಧಿ 97 ಪಾಲು ಇರುವಾಗ ಬಿದ್ದರೆ ನಷ್ಟ 29, ಒಂದು ವರ್ಷದ ಉಳಿತಾಯಕ್ಕಿಂತ ಕಡಿಮೆ. ಮೇಲಾಗಿ ಮುಂದಿನ ವಂತಿಗೆಗಳು ಅಗ್ಗದ ದರದಲ್ಲಿ ಒಳಹೋಗುತ್ತವೆ. ನಿಧಿ 800 ಆಗಿರುವಾಗ ಬಿದ್ದರೆ ನಷ್ಟ 240, ವರ್ಷಕ್ಕೆ 35ರಂತೆ ಸುಮಾರು ಏಳು ವರ್ಷದ ಉಳಿತಾಯ, ಅದನ್ನು ತುಂಬಲು ವರ್ಷಗಳೇ ಉಳಿದಿರುವುದಿಲ್ಲ. ಆದ್ದರಿಂದ ಆರಂಭದಲ್ಲಿ ಷೇರಿನ ಪಾಲು ಹೆಚ್ಚಿರಬಹುದು, ನಿವೃತ್ತಿಗೆ ಆರೇಳು ವರ್ಷ ಇರುವಾಗಿನಿಂದ ಅದನ್ನು ವರ್ಷ ವರ್ಷವೂ ತಗ್ಗಿಸುತ್ತ, ಮೊದಲ ಕೆಲವು ವರ್ಷದ ನಿವೃತ್ತಿ ಖರ್ಚು ಸ್ಥಿರ ಆದಾಯದ ಕಡೆ ಇರುವಂತೆ ನೋಡಿಕೊಳ್ಳಿ. ಅನೇಕರು ತದ್ವಿರುದ್ಧವಾಗಿ ಮಾಡುತ್ತಾರೆ: ಆರಂಭದಲ್ಲಿ ಹೆದರಿ ಎಲ್ಲವನ್ನೂ ಠೇವಣಿಯಲ್ಲಿಡುತ್ತಾರೆ, ಗುರಿ ದೂರವಿದೆಯೆಂದು ಗೊತ್ತಾದಾಗ ಐವತ್ತೆಂಟರಲ್ಲಿ ಷೇರಿಗೆ ಹಾರುತ್ತಾರೆ.

ಹಂತ 8: ವರ್ಷಕ್ಕೊಮ್ಮೆ ನೋಡಬೇಕಾದದ್ದು

ಪ್ರತಿವರ್ಷ ಒಂದೇ ತಿಂಗಳಲ್ಲಿ, ಆಗಿನ ನಿಧಿ, ಆಗಿನ ಉಳಿತಾಯ ಮತ್ತು ಉಳಿದ ವರ್ಷಗಳನ್ನು ಅದೇ ಸಾಲಿನಲ್ಲಿ ಹಾಕಿ ಹೊಸ ಉತ್ತರ ಪಡೆಯಿರಿ. ಗುರಿಯನ್ನೂ ಆ ವರ್ಷದ ಬೆಲೆಗಳಿಗೆ ತಕ್ಕಂತೆ ತಿದ್ದಿ. ಉತ್ತರ ಗುರಿಗಿಂತ ಕಡಿಮೆ ಬಂದರೆ ಮೊದಲು ಉಳಿತಾಯವನ್ನು, ಆಮೇಲೆ ನಿವೃತ್ತಿಯ ವಯಸ್ಸನ್ನು ಬದಲಿಸಿ ನೋಡಿ, ಪ್ರತಿಫಲದ ಅಂಕಿಯನ್ನು ಮುಟ್ಟಬೇಡಿ. ಸಂಸ್ಥೆ ತನ್ನ ವಂತಿಗೆಯನ್ನು ನಿಜವಾಗಿ ಕಟ್ಟಿದೆಯೇ ಎಂದು ಖಾತೆಯ ವಿವರದಲ್ಲಿ ತಿಂಗಳವಾರು ಪರಿಶೀಲಿಸಿ. ಸಂಬಳ ಚೀಟಿಯಲ್ಲಿ ಕಡಿತ ತೋರಿಸಿ ಖಾತೆಗೆ ಕಟ್ಟದಿರುವುದು ಉಂಟು, ಇದನ್ನು ಬೇಗ ಕಂಡುಹಿಡಿದಷ್ಟೂ ವಸೂಲಿ ಸುಲಭ. ನಾಮಿನಿಯ ಹೆಸರು ಹಳೆಯ ಖಾತೆಯಲ್ಲಿ ಮದುವೆಗೆ ಮುಂಚಿನದೇ ಉಳಿದಿದ್ದರೆ ಇದೇ ಸಂದರ್ಭದಲ್ಲಿ ಬದಲಿಸಿ.

ಮಧ್ಯದಲ್ಲಿ ಮತ್ತೆ ಕೆಲಸ ಬಿಡಬೇಕಾಗಿ ಬಂದರೆ, ಬಿಡುವ ಮುನ್ನವೇ ಮೂರು ಕೆಲಸ ಮುಗಿಸಿ: ವೆಸ್ಟಿಂಗ್ ದಿನಾಂಕ ಹತ್ತಿರವಿದ್ದರೆ ಬಿಡುಗಡೆಯ ದಿನವನ್ನು ಅದರಾಚೆಗೆ ಹಾಕಿಸಿಕೊಳ್ಳಿ, ಸೇವಾ ಪ್ರಮಾಣಪತ್ರವನ್ನು ಕೈಗೆ ಪಡೆದುಕೊಳ್ಳಿ, ಮತ್ತು ನಿವೃತ್ತಿ ಖಾತೆಗೆ ಕಚೇರಿಯ ಇಮೇಲ್ ಕೊಟ್ಟಿದ್ದರೆ ಸ್ವಂತ ಇಮೇಲ್ ಮತ್ತು ಫೋನ್ ಸಂಖ್ಯೆಗೆ ಬದಲಿಸಿ. ಕಚೇರಿಯ ಇಮೇಲ್ ನಿಂತ ದಿನವೇ ಆ ಖಾತೆಯ ಪಾಸ್‌ವರ್ಡ್ ಮರಳಿ ಪಡೆಯುವ ದಾರಿಯೂ ಮುಚ್ಚಿಹೋಗುತ್ತದೆ.